ಮೃದುಭಾಷಿ ಗುರುಮಲ್ಲಪ್ಪ

“ಮಾವ, ಮೃದುಭಾಷಿ ಅಂದ್ರೆ?”

“ಮೆತ್ತಗೆ ಮಾತಾಡೋರು ಅಂತ.”

ಮಾಲಿನಿ ಹಾಳೆಯನ್ನು ತಿರುಗಿಸಿ ಹಿಂದೆಮುಂದೆ ನೋಡಿದಳು. “ಇದು ನಮ್ಮಪ್ಪನ ಬಗ್ಗೇನಾ?”

“ಓದು ಸಾಕು. ನಾಳೆ ಮೈಕ್ ಮುಂದೆ ತಡವರಿಸಬಾರದು.”

ಮಾವ ಮಹದೇವಪ್ರಸಾದ್ ಯಳಂದೂರಿನಲ್ಲಿ ಮೇಷ್ಟ್ರು. ಸುತ್ತಮುತ್ತ ಯಾರೇ ತೀರಿಕೊಂಡು ಶಿವಗಣಾರಾಧನೆ ನಡೆದರೂ ನುಡಿನಮನ ಬರೆದುಕೊಡುವವರು ಅವರೇ. ಮೃದುಭಾಷಿ, ಅಜಾತಶತ್ರು, ಪ್ರೀತಿಯ ಕಡಲು. ಹಾಳೆ ಒಂದೇ. ಹೆಸರಿನ ಜಾಗಕ್ಕೆ ವೈಟ್‌ನರ್ ಹಚ್ಚಿ, ಅದರ ಮೇಲೆ ‘ಗುರುಮಲ್ಲಪ್ಪ’ ಎಂದು ಬರೆದಿದ್ದರು.

ಗುರುಮಲ್ಲಪ್ಪ ಹೊನ್ನೂರಿನ ವಾಟರ್‌ಮ್ಯಾನ್. ಬೀದಿ ಬೀದಿಗೆ ನೀರು ಬಿಡುವವನು. ಹತ್ತು ದಿನದ ಹಿಂದೆ ಎದೆನೋವು ಬಂದು ತೀರಿಕೊಂಡಿದ್ದ. ಅವನು ಮೆತ್ತಗೆ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ವಾಲ್ವ್ ಹತ್ತಿರ ನಿಂತು ಕೂಗಿದರೆ ಮೂರನೇ ಬೀದಿಯವರು ನಲ್ಲಿ ನಿಲ್ಲಿಸುತ್ತಿದ್ದರು.

ಮಾಲಿನಿ ಜಗಲಿಗೆ ಹೋಗಿ ಅಜ್ಜಿಯ ಮುಂದೆ ಓದಿ ನೋಡಿದಳು. ಚನ್ನಾಜಮ್ಮಜ್ಜಿ ಮಗನನ್ನು ನೆನೆದು ಅಳುತ್ತಲೇ ಕೇಳಿಸಿಕೊಂಡಿತು. ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ಚೆನ್ನಾಗದೆ ಕಣವ್ವ. ಯಾರು ಅವ್ರು? ಯಾವೂರೋರು?” ಎಂದಿತು.

ಮಾಲಿನಿಗೆ ನಗು ಬಂತು. ಆಮೇಲೆ ನಗು ಎಲ್ಲೋ ಹೋಯಿತು. ನಾಳೆ ಇದನ್ನೇ ಓದಿದರೆ, ಅಜ್ಜಿ ಅಳುವುದು ಮಗನಿಗಲ್ಲ, ಬೇರೆ ಯಾರಿಗೋ ಆಗುತ್ತದೆ.

ಅವಳು ನೋಟ್‌ಬುಕ್ ತೆಗೆದು ತಾನೇ ಬರೆಯತೊಡಗಿದಳು. ಪೆನ್ನು ಸಿಟ್ಟಿನಿಂದ ಓಡಿತು. ‘ಅಪ್ಪ ಯಾವಾಗಲೂ ಬೈಯುತ್ತಿದ್ದ. ಯುಗಾದಿ ದಿನ ಸಾರಿಗೆ ಉಪ್ಪು ಜಾಸ್ತಿ ಅಂತ ತಟ್ಟೆ ಎಸೆದ. ಅವ್ವ ಅತ್ತಳು.’

ಅವ್ವ ಸುವರ್ಣಮ್ಮ ಹಿಂದೆ ನಿಂತು ಓದಿದ್ದು ಅವಳಿಗೆ ಗೊತ್ತಾಗಲಿಲ್ಲ.

“ಸುಳ್ಳೇನವ್ವ ಇದು?” ತಿರುಗಿ ನೋಡಿದ ಮಾಲಿನಿ ಬೆದರಿ ಕೇಳಿದಳು.

“ಸುಳ್ಳಲ್ಲ.” ಅವ್ವ ಪಕ್ಕದಲ್ಲಿ ಕೂತಳು. “ಆದ್ರೆ ಆ ಅಳು ನಂದು. ಅದ ಯೋಳೋದು ಬುಡೋದು ನಂಗೆ ಬುಡು. ನಿಂದೇನದೋ ಅದ ಯೋಳು.”

ತನ್ನದು ಏನಿದೆ? ಮಾಲಿನಿ ಪೆನ್ನು ಕಚ್ಚುತ್ತಾ ಕೂತಳು. ಹೊಸ ಹಾಳೆ ತುಂಬ ಹೊತ್ತು ಖಾಲಿಯೇ ಇತ್ತು. ಆಮೇಲೆ ನಾಲ್ಕು ಮಾತು ಬಂತು.

ಮರುದಿನ ಶಾಮಿಯಾನದ ಕೆಳಗೆ ಊರೇ ಕೂತಿತ್ತು. ಹಾರ ಹಾಕಿದ ಫೋಟೋದಲ್ಲೂ ಅಪ್ಪ ಗದರಿಸುವ ಹಾಗೇ ಇದ್ದ. ಮಾವ ತಮ್ಮ ಹಾಳೆ ಮುಂದೆ ಹಿಡಿದರು. ಮಾಲಿನಿ ಬೇಡವೆಂದು ತಲೆಯಾಡಿಸಿ ಮೈಕ್ ಹಿಡಿದಳು.

“ನಮ್ಮಪ್ಪ ಮೆತ್ತಗೆ ಮಾತಾಡ್ತಿರಲಿಲ್ಲ. ನಿಮಗೂ ಗೊತ್ತು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ನಂಗೆ ಗೊತ್ತಿಲ್ವೇನವ್ವ! ದಿನಾ ಉಗುಸ್ಕಂಡಿವ್ನಿ,” ಎಂದು ಎದುರುಮನೆ ಮಾದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಮಾವ ಕಣ್ಣು ಮುಚ್ಚಿಕೊಂಡರು.

“ಎಲ್ಲ ಬೀದಿಗೂ ನೀರು ಬಿಟ್ಟು, ಕೊನೇಲಿ ನಮ್ಮ ಬೀದಿಗೆ ಬಿಡೋರು. ನಮ್ಮನೇಲಿ ಅರ್ಧ ಬಿಂದಿಗೇನೇ ಬರೋದು. ಅವ್ವ ಕೇಳಿದ್ರೆ ಅದಕ್ಕೂ ಬೈಯೋರು.”

ಈಗ ಯಾರೂ ನಗಲಿಲ್ಲ. ಕೆಲವರು ತಲೆಯಾಡಿಸಿದರು.

“ನಂಗೆ ಡ್ರಾಯಿಂಗಲ್ಲಿ ಫಸ್ಟ್ ಪ್ರೈಜ್ ಬಂದಾಗ ಓಡಿ ಬಂದು ತೋರಿಸ್ದೆ. ಅಪ್ಪ ಅದನ್ನ ನೋಡಿ, ‘ನಲ್ಲಿ ನಿಲ್ಸಿದ್ಯಾ?’ ಅಂದ್ರು. ಅಷ್ಟೇ. ನಂಗೆ ಅಪ್ಪ ಅಂದ್ರೆ ಭಯ. ಆದ್ರೂ ಒಂದ್ಸಲ ‘ಚೆನ್ನಾಗದೆ’ ಅನ್ನಿಸ್ಕೋಬೇಕು ಅಂತಿತ್ತು. ಈಗ್ಲೂ ಅದೆ.”

ಬರೆದದ್ದು ಮುಗಿಯಿತು. ಮೈಕ್ ಕೊಟ್ಟು ಬಂದು ಅಜ್ಜಿಯ ಪಕ್ಕ ಕೂತಳು. ಬೈಯುತ್ತದೇನೋ ಎಂದು ಅಜ್ಜಿಯ ಮುಖ ನೋಡಲಿಲ್ಲ.

ಅಜ್ಜಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಿತು. “ಅವ್ನೇ ಕಣವ್ವ,” ಎಂದಿತು. “ಇವತ್ತು ಬಂದಿದ್ದ ನೋಡು. ನನ್ ಮಗ್ನೇ.”

ಅಜ್ಜಿಯ ಆಚೆ ಕೂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಫೋಟೋ ನೋಡುತ್ತಿದ್ದಳು.

ಊಟವಾಗಿ ಎಲ್ಲರೂ ಹೊರಟ ಮೇಲೆ ಮಾಲಿನಿ ಕೈ ತೊಳೆಯಲು ಹೋದಳು. ಯಾರೋ ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಹೋಗಿದ್ದರು. ಹನಿ ತೊಟ್ಟಿಕ್ಕುತ್ತಿತ್ತು. ಅವಳು ಕೈ ತೊಳೆದು, ಒತ್ತಿ ತಿರುಗಿಸಿ ನಿಲ್ಲಿಸಿದಳು.

ಆಮೇಲೂ ಅಲ್ಲೇ ನಿಂತಿದ್ದಳು. ಯಾರಾದರೂ ಕೇಳುತ್ತಾರೇನೋ ಎಂದು.

“ನಿಲ್ಸಿದೀನಿ,” ಎಂದಳು ಕೊನೆಗೆ, ಮೆತ್ತಗೆ.