ತನಗಾಗಿ ಕೇಳುವಂತಿಲ್ಲ

"ಈ ಪರೀಕ್ಷೆ ನಿಮ್ಮಿಂದ ಆಗಲ್ಲ."

ಆರು ತಿಂಗಳ ಹಿಂದೆ, ಮೊದಲ ದಿನದ ಮೊದಲ ಮಾತು. ಹೇಳಿದವನು ವಿದೇಶಿ ಭಾಷೆ ಕಲಿಸುವ ಮೇಷ್ಟ್ರು. ಕೇಳಿಸಿಕೊಂಡವಳು ಎಂಟು ವರ್ಷ ಡಯಾಲಿಸಿಸ್ ವಾರ್ಡಿನಲ್ಲಿ ಬೆವರು ಸುರಿಸಿದ ನರ್ಸ್.

"ಯಾಕೆ ಆಗಲ್ಲ?"

"ತಪ್ಪಾದರೆ ನಿಮಗೆ ಸಿಟ್ಟು ಬರುತ್ತೆ. ಸಿಟ್ಟು ಮಾಡ್ಕೊಳ್ಳೋರಿಗೆ ಭಾಷೆ ಹತ್ತಲ್ಲ."

ಇವನೆಂಥ ಮನುಷ್ಯ... ಎಂದು ಅವಳು ಮೂಗು ಮುರಿದಳು. ಅಂದೇ ಅವನಿಗೆ 'ಮುಳ್ಳು ಮೇಷ್ಟ್ರು' ಎಂದು ಹೆಸರಿಟ್ಟಳು. ಹಟಕ್ಕೆ ಬಿದ್ದು ಓದಿ ಪಾಸೂ ಆದಳು. ಆ ಹಟದ ನಡುವೆ ಯಾವ ದಿನದಿಂದ ಕ್ಲಾಸಿಗೆ ಹೋಗುವ ಮುನ್ನ ಎರಡು ಸಲ ತಲೆ ಬಾಚಿಕೊಳ್ಳತೊಡಗಿದಳೋ, ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ತನಗೂ ಹೇಳಿಕೊಳ್ಳಲಿಲ್ಲ.

ನಾಳೆ ಬೆಳಿಗ್ಗೆ ವಿಮಾನ. ಹೊರದೇಶದ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಕರಾರು.

ಇವತ್ತು ಸಂಜೆ ಮನೆಯಲ್ಲಿ ಪ್ರಾರ್ಥನೆ. ಯಾರು ದೂರ ಹೊರಟರೂ ಅಮ್ಮ ಹೀಗೆ ಎಲ್ಲರನ್ನೂ ಕೂರಿಸುತ್ತಿದ್ದಳು. ನರ್ಸಿಗೆ ಇದೆಲ್ಲ ನಾಟಕ. ಎಷ್ಟು ಕೈ ಮುಗಿದರೂ ರೋಗಿಯ ಬಿ.ಪಿ. ಇಳಿಯುವಾಗ ಇಳಿಯುತ್ತದೆ ಎಂಬುದು ಅವಳ ಅನುಭವ. ಅಮ್ಮ ಮೇಷ್ಟ್ರನ್ನೂ ಕರೆದಿದ್ದು ನೋಡಿ ಮೈ ಉರಿಯಿತು. ಮೈ ಉರಿದಿದ್ದಕ್ಕೇ ಹೊಸ ಸೀರೆ ಉಟ್ಟಳು.

ಮೊಬೈಲುಗಳೆಲ್ಲ ಅಡುಗೆಮನೆಯ ಪಾತ್ರೆಯೊಂದಕ್ಕೆ ಬಿದ್ದವು. ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತರು. ಮೇಷ್ಟ್ರು ಹೊಸಬನಾದ್ದರಿಂದ ಅಮ್ಮ ಮೆಲ್ಲಗೆ ವಿವರಿಸಿದಳು.

"ಮೊದಲು ಐದು ನಿಮಿಷ ಸುಮ್ಮನೆ ಉಸಿರಾಡೋದು. ಆಮೇಲೆ ಇಲ್ಲಿವರೆಗೆ ಕಾಪಾಡಿದ್ದಕ್ಕೆ ಒಂದು ನಮಸ್ಕಾರ. ಹೊರಟವಳು ತನ್ನ ಭಯ ಏನು ಅಂತ ಬಾಯಿಬಿಟ್ಟು ಹೇಳ್ಬೇಕು. ಹೆಸರು ಹೇಳದ ಭಯಕ್ಕೆ ಸಮಾಧಾನ ಸಿಗಲ್ಲ ಅಂತ ನಮ್ಮಮ್ಮ ಹೇಳ್ತಿದ್ದಳು. ಆಮೇಲೆ ಉಳಿದವರು ಅವಳಿಗಾಗಿ ಒಂದೊಂದು ಮಾತು ಕೇಳೋದು, ಕೊನೆಗೆ ಅವಳು ನಮಗಾಗಿ ಕೇಳೋದು. ಯಾರೂ ತನಗಾಗಿ ಕೇಳುವಂತಿಲ್ಲ. ಬಾಯಿಗೆ ಬರದಿದ್ದರೆ ಸುಮ್ಮನಿರಬಹುದು. ಸುಳ್ಳು ಮಾತ್ರ ಆಗದು."

ಐದು ನಿಮಿಷ ಕಳೆಯಿತು. ದೊಡ್ಡಮ್ಮನ ನಿಟ್ಟುಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಆಕೆ ನಿಟ್ಟುಸಿರು ಬಿಡುವುದರಲ್ಲೂ ನಾಲ್ಕು ಜನ ನೋಡಲಿ ಎಂಬ ಆಸೆಯಿರುತ್ತದೆ.

"ನಿನ್ನ ಭಯ ಹೇಳು," ಎಂದಳು ಅಮ್ಮ.

"ನನಗೇನು ಭಯ? ಅಲ್ಲಿ ಚಳಿ ಜಾಸ್ತಿಯಂತೆ. ಅಷ್ಟೇ."

ಅಪ್ಪ ನೆಲ ನೋಡಿದರು. ನಿವೃತ್ತ ಬಸ್ ಕಂಡಕ್ಟರ್ ಅವರು. ವರ್ಷದಿಂದ ಕೈ ನಡುಗುತ್ತದೆ, ಅಂಗಿಯ ಗುಂಡಿಯನ್ನು ಈಗ ಮಗಳೇ ಹಾಕಿಕೊಡಬೇಕು.

ತಂಗಿ ಕಣ್ಣು ಮುಚ್ಚಿ, "ಅಕ್ಕನ ಜೊತೆ ಕೆಲಸ ಮಾಡೋರು ಒಳ್ಳೆಯವರಾಗಿರಲಿ," ಎಂದಳು. ಅಪ್ಪ, "ದಾರಿಯಲ್ಲಿ ಏನೂ ಆಗದಿರಲಿ. ಒಬ್ಬಳೇ ಕೂತು ಊಟ ಮಾಡೋ ಹಾಗಾಗದಿರಲಿ," ಎಂದರು.

ದೊಡ್ಡಮ್ಮನ ಸರದಿ. "ಇವಳು ಅಲ್ಲಿ ಬೇಗ ನೆಲೆ ನಿಲ್ಲಲಿ. ಹಾಗೇ ನಮ್ಮ ಮಗನಿಗೂ ಅಲ್ಲೊಂದು ದಾರಿ ಆಗಲಿ."

"ಅಕ್ಕ, ಅದು ನಿಮಗಾಗಿ ಕೇಳಿದ್ದು," ಎಂದಳು ಅಮ್ಮ.

"ಮಗನಿಗೆ ಕೇಳಿದ್ದಪ್ಪ. ನನಗೆಲ್ಲಿ?"

ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಈ ಬಳಗದಲ್ಲಿ ಆಕೆ ಎರಡು ಗಳ ಹಿರಿಯುತ್ತಾಳೆ.

ಈಗ ಮೇಷ್ಟ್ರು. ಎಲ್ಲರೂ ಕಾದರು. ಅವನ ತುಟಿ ಅಲುಗಿತು, ನಿಂತಿತು. ಮೂರು ನಿಮಿಷ... ಒಂದು ಮಾತೂ ಇಲ್ಲ. ಕೊನೆಗೆ ತಲೆಯಾಡಿಸಿ ಸುಮ್ಮನಾದ.

ಅವಳ ಎದೆಗೆ ಏನೋ ಚುಚ್ಚಿತು. ಎರಡು ಭಾಷೆಯ ವ್ಯಾಕರಣ ಬಾಯಿಪಾಠ ಇರುವವನಿಗೆ ನನಗೊಂದು ವಾಕ್ಯ ಇಲ್ಲವೇ? ತನ್ನ ಸರದಿ ಬಂದಾಗ, "ಎಲ್ಲರೂ ಆರೋಗ್ಯವಾಗಿರಲಿ," ಎಂದು ಆಸ್ಪತ್ರೆಯ ಗೋಡೆಯ ಮೇಲಿನ ಬರಹದಂತೆ ಒಪ್ಪಿಸಿದಳು. ಎಲ್ಲರೂ ಅವಳ ತಲೆ, ಭುಜದ ಮೇಲೆ ಕೈಯಿಟ್ಟು, "ಹೋಗುವವಳ ದಾರಿಯನ್ನೂ ಉಳಿದವರ ಮನೆಯನ್ನೂ ಕಾಯಪ್ಪ," ಎಂದರು. ಅಲ್ಲಿ ಬೆಳಿಗ್ಗೆ ಆರು ಎಂದರೆ ಇಲ್ಲಿ ಒಂಬತ್ತೂವರೆ. ದಿನಾ ಅದೇ ಹೊತ್ತಿಗೆ ಎರಡೂ ಕಡೆ ಇದೇ ಮಾತು ಹೇಳಬೇಕೆಂದು ತಂಗಿ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಮೇಷ್ಟ್ರು ಚಪ್ಪಲಿ ಹಾಕಿಕೊಂಡು ಹೊರಟ. ಅವಳು ಮೆಟ್ಟಿಲಲ್ಲೇ ಅಡ್ಡ ನಿಂತಳು.

"ನಂಬಿಕೆ ಇಲ್ಲದಿದ್ದರೆ ಬರಬಾರದಿತ್ತು ಮೇಷ್ಟ್ರೇ. ನಮ್ಮಮ್ಮನ ಮುಂದೆ ಹಾಗೆ ಕಲ್ಲಿನ ಹಾಗೆ ಕೂತಿದ್ದು ಸರಿಯಲ್ಲ."

"ನಂಬಿಕೆ ಇದೆ. ಅದಕ್ಕೇ ಸುಮ್ಮನಿದ್ದೆ."

"ಒಗಟು ಬೇಡ. ನನ್ನ ಮೇಲೆ ಅಷ್ಟೊಂದು ತಾತ್ಸಾರವಾ?"

ಅವನು ಮೆಟ್ಟಿಲ ಕಂಬಿ ಹಿಡಿದ. "ಕಣ್ಣು ಮುಚ್ಚಿದರೆ ಒಂದೇ ಮಾತು ಬಂತು. ಇವಳು ಹೋಗದಿರಲಿ ಅಂತ. ಅದು ನನಗಾಗಿ ಕೇಳಿದ ಹಾಗೆ. ಬೇರೆ ಏನು ಹೇಳಿದ್ದರೂ ಸುಳ್ಳಾಗ್ತಿತ್ತು. ಎರಡೂ ಕೂಡದು ಅಂದರಲ್ಲ ನಿಮ್ಮಮ್ಮ."

"ಮತ್ತೆ ಅಷ್ಟು ಚೆನ್ನಾಗಿ ಕಲಿಸಿ ಪಾಸು ಮಾಡಿಸಿದ್ದು ಯಾಕೆ?"

"ನೀವು ಹೋಗ್ಬೇಕು ಅಂತಿದ್ರಿ. ನನ್ನ ಆಸೆಗೋಸ್ಕರ ಕೆಟ್ಟದಾಗಿ ಪಾಠ ಮಾಡಲಿಕ್ಕಾಗುತ್ತಾ?"

ಛೆ, ನಾಟಕವೆಂದು ಇಡೀ ಸಂಜೆ ಮೂಗು ಮುರಿದವಳು ತಾನು. ಅಲ್ಲಿ ನಾಟಕ ಆಡಿದವಳೂ ತಾನೊಬ್ಬಳೇ. ದೊಡ್ಡಮ್ಮ ಕೂಡ ತನ್ನ ದುರಾಸೆಯನ್ನು ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಳು. ಚಳಿಯಂತೆ, ಚಳಿ... ಮೂರು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಹೀಗೇ ವಿಮಾನ ಹತ್ತಿದರೆ ಮೊದಲ ವಾರವೇ ತಿರುಗಿ ಓಡಿಬರುತ್ತೇನೆಂದು ಅವಳಿಗೆ ಗೊತ್ತಿತ್ತು.

ಅವನ ತೋಳು ಹಿಡಿದು ಒಳಗೆ ಕರೆತಂದಳು.

"ಅಮ್ಮ, ಇನ್ನೊಂದು ಸಲ ಕೂತ್ಕೋಬೇಕು. ನಾನು ಸುಳ್ಳು ಹೇಳಿದೆ."

"ಮತ್ತೆ ಐದು ನಿಮಿಷವಾ? ನನ್ನ ಮಂಡಿ ಏನಾಗ್ಬೇಕು?" ಎಂದು ದೊಡ್ಡಮ್ಮ ಗೊಣಗಿದಳು. ಆದರೂ ಎಲ್ಲರಿಗಿಂತ ಮೊದಲು ಆಕೆಯೇ ಚಾಪೆಗೆ ಬಂದಳು. ತಮಾಷೆ ತಪ್ಪಿಸಿಕೊಳ್ಳುವ ಜಾತಿಯಲ್ಲ ಅದು.

ಈ ಸಲ ನರ್ಸ್ ಕಣ್ಣು ಮುಚ್ಚಿದಳು.

"ಅಪ್ಪನಿಗೆ ಏನಾದರೂ ಆದರೆ ನಾನು ಹತ್ತಿರ ಇರಲ್ಲ. ಅದು ನನ್ನ ಭಯ. ಬೇರೆಯವರ ಅಪ್ಪಂದಿರನ್ನ ನೋಡ್ಕೊಳ್ಳೋಕೆ ಹೋಗ್ತಾ ಇದೀನಿ, ನಮ್ಮಪ್ಪನ ಗುಂಡಿ ಹಾಕೋಕೆ ಇರಲ್ಲ. ಇನ್ನೊಂದು... ಎರಡು ವರ್ಷ ಅಂದರೆ ಈ ಮೇಷ್ಟ್ರು ನನ್ನ ಮರೆತುಬಿಡ್ತಾರೆ ಅಂತ ಭಯ."

ತಂಗಿಯ ಬಾಯಿ ತೆರೆದೇ ಉಳಿಯಿತು. ಅಪ್ಪ ನಡುಗುವ ಕೈಯನ್ನು ಮಗಳ ತಲೆಯ ಮೇಲಿಟ್ಟರು. "ಗುಂಡಿ ನಿನ್ನ ತಂಗಿ ಹಾಕ್ತಾಳೆ. ಇಲ್ಲದಿದ್ದರೆ ಬನಿಯನ್‌ನಲ್ಲೇ ಇರ್ತೀನಿ. ದೇವರೇ, ಇವಳ ಮನಸ್ಸಿಗೆ ಶಾಂತಿ ಕೊಡು."

ಮೂರು ದಿನದ ನಂತರ ಅವಳ ಉಸಿರು ಹೊಟ್ಟೆಯ ತನಕ ಇಳಿಯಿತು.

ಮತ್ತೆ ಮೇಷ್ಟ್ರ ಸರದಿ ಬಂತು. ಈ ಬಾರಿ ಅವನು ತಡಮಾಡಲಿಲ್ಲ.

"ಅವಳು ನೆಮ್ಮದಿಯಾಗಿ ಹೋಗಲಿ. ನೆಮ್ಮದಿಯಾಗಿ ತಿರುಗಿ ಬರಲಿ."

ಅಮ್ಮ ಒಂದು ಕಣ್ಣು ತೆರೆದಳು. "ಹೋಗಲಿ ಅನ್ನೋದು ಸರಿ ಮೇಷ್ಟ್ರೇ. ತಿರುಗಿ ಬರಲಿ ಅನ್ನೋದು ನಿಮಗಾಗಿ ಕೇಳಿದ್ದಲ್ವಾ?"

"ಅಲ್ಲ ಅಮ್ಮ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ಅದು ನನಗಾಗಿ."