ಎರಡನೇ ಜಾಗ

೨೦೦೬ರ ಜೂನ್ ೬, ಮಂಗಳವಾರ, ಬೆಳಿಗ್ಗೆ ೧೦-೩೦. ಇಳಕಲ್ಲ ಠಾಣೆಗೆ ನಾಗರತ್ನಾ ಬಂದಳು. ಮಗ್ಗದ ಮನೆಯವಳು, ವಯಸ್ಸು ಇಪ್ಪತ್ತೊಂಬತ್ತು. ವಧು-ವರ ಕೇಂದ್ರದಿಂದ ಪರಿಚಯವಾದ ಶಿವಪ್ರಕಾಶ ಎಂಬವನು 'ಯಾವಾಗರ ಸಿಗೋಣು' ಎನ್ನುತ್ತಲೇ ತಿಂಗಳು ಕಳೆದು, ಒಂದು ದಿನ ದಿಢೀರನೆ ಬಾದಾಮಿ ಹತ್ತಿರದ ಬನಶಂಕರಿ ಗುಡಿಗೆ ಕರೆದಿದ್ದ. ಸೊಸೆಗೆ ಇಂಥದ್ದೇ ಸರ ಮಾಡಿಸಬೇಕೆಂದು ತನ್ನ ಅವ್ವನ ಆಸೆ, ಅಕ್ಕಸಾಲಿ ಪತ್ತಾರನಿಗೆ ತೋರಿಸಿ ನಾಳೆ ತರುತ್ತೇನೆ ಎಂದು ಅವಳ ಕೊರಳಿನ ಚಿನ್ನದ ಗುಂಡಿನ ಬೋರಮಾಳ ಬಿಚ್ಚಿಸಿಕೊಂಡು ಹೋದವನ ಪತ್ತೆಯೇ ಇಲ್ಲ. ಅದು ತೀರಿಕೊಂಡ ತಾಯಿಯದು. ಅಣ್ಣ ಅಂದಿನಿಂದ ಅವಳ ಜೊತೆ ಮಾತು ಬಿಟ್ಟಿದ್ದ.

ವಂಚನೆಯ ಎಫ್‌ಐಆರ್ ದಾಖಲಾಯಿತು. ಹೇಳಿಕೆ ಬರೆದುಕೊಂಡ ಪೇದೆ ಭುವನೇಶ್ವರಿ, ಕೇಂದ್ರದವರು ಕೊಟ್ಟಿದ್ದ ಶಿವಪ್ರಕಾಶನ ಫೋಟೊ ಹಿಡಿದು ಸುತ್ತಲಿನ ವಧು-ವರ ಕೇಂದ್ರಗಳನ್ನು ಹುಡುಕಲು ಹೊರಟಳು.

ಮರುದಿನ ಬಾಗಲಕೋಟೆಯ ಇನ್ನೊಂದು ಕೇಂದ್ರದ ರಿಜಿಸ್ಟರಿನಲ್ಲಿ ಅದೇ ಫೋಟೊ ಸಿಕ್ಕಿತು. ಹೆಸರು ವೀರೇಶ, ಮೊಬೈಲ್ ನಂಬರ್ ಹೊಸದು. ವಧುವಿನ ಹೆಸರಿನಲ್ಲಿ ಕಾಫಿಗೆ ಕರೆಯೋಣ ಎಂದು ಪಿಎಸ್‌ಐ ರಾಚಯ್ಯ ತಾವೇ ಒಕ್ಕಣೆ ಬರೆದರು: 'ದಿನಾಂಕ ೧೧ರಂದು ಬೆಳಿಗ್ಗೆ ೧೧ ಗಂಟೆಗೆ ತಪ್ಪದೇ ಹಾಜರಾಗತಕ್ಕದ್ದು.'

"ಸಾಹೇಬ್ರ, ಇದಕ್ಕ ವರ ಹೋಗ್ಲಿ, ಸಾಕ್ಷಿದಾರನೂ ಬರಂಗಿಲ್ರಿ," ಎಂದಳು ಭುವನೇಶ್ವರಿ. ರಾಚಯ್ಯ ನಕ್ಕು ಫೋನ್ ಅವಳ ಕೈಗಿಟ್ಟರು.

ಒಂದು ಮೆಸೇಜಿಗೆ ನೂರರವತ್ತು ಅಕ್ಷರ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದಳು: 'ರವಿವಾರ ೧೧ಕ್ಕ ಬಾಗಲಕೋಟಿ ಸ್ಟ್ಯಾಂಡ್ ಎದುರಿನ ಹೋಟೆಲಿನ್ಯಾಗ ಕಾಫಿ ಕುಡಿಯೋಣೇನ್ರಿ? ಅರ್ಧ ತಾಸು ಸಾಕು. ಆಗದಿದ್ರ ಸೋಮವಾರ ೪ಕ್ಕ ಬಾದಾಮಿ ಸ್ಟ್ಯಾಂಡ್ ಹೋಟೆಲ್. ಎರಡೂ ಬ್ಯಾಡಂದ್ರ ಬೇಸರಿಲ್ರಿ.'

ಎರಡು ಜಾಗ ಯಾಕೆ ಎಂದು ರಾಚಯ್ಯ ಕೇಳಿದರು. ದಿನ, ವೇಳೆ, ಜಾಗ ಬಿಡಿಸಿ ಹೇಳಿದರೆ ಉತ್ತರ ಕೊಡುವುದು ಸುಲಭ ಎಂದಳು ಅವಳು. ಮಂದಿಯಿರುವ ಹೋಟೆಲು, ಅರ್ಧ ತಾಸಿನ ಮಾತು, ಬೇಡವೆನ್ನಲೂ ದಾರಿ. ಮರ್ಯಾದಸ್ಥ ಹೆಣ್ಣು ಬರೆಯುವುದೇ ಹೀಗೆ, ಯಾರಿಗೂ ಅನುಮಾನ ಬರುವುದಿಲ್ಲ.

"ಮತ್ತ ಕಳ್ಳ ಮೊದಲನೇದ್ದಕ್ಕ ಹೂಂ ಅನ್ನಂಗಿಲ್ರಿ. ಎರಡನೇದ್ದು ತಾನ ಆರಿಸಿದೆ ಅಂತ ಧೈರ್ಯಾ ಮಾಡ್ತಾನ."

ಸಂಜೆ ೬-೧೦ಕ್ಕೆ ಉತ್ತರ ಬಂತು: 'ಸೋಮವಾರ ಬಾದಾಮಿ.' ಠಾಣೆಯೇ ಗೊಳ್ಳೆಂದು ನಕ್ಕಿತು.

ಜೂನ್ ೧೨, ೪-೦೫. ಇಸ್ತ್ರಿ ಅಂಗಿ ತೊಟ್ಟು ಬಂದವನು ಸೀರೆಯುಟ್ಟ ಭುವನೇಶ್ವರಿಯೆದುರು ಕುಳಿತು ಕಾಫಿ ಹೇಳಿದ. ಅವಳ ಕೊರಳಲ್ಲಿ ಅತ್ತಿಗೆಯಿಂದ ಕೇಳಿ ತಂದ ಬೋರಮಾಳವಿತ್ತು. ಕಪ್ಪು ಅರ್ಧವಾಗಿತ್ತೋ ಇಲ್ಲವೋ, ಅವನ ಬಾಯಲ್ಲಿ ಅವ್ವನ ಆಸೆಯೂ ಪತ್ತಾರನ ಹೆಸರೂ ಬಂದವು. ಆಗ ಫ್ಯಾಮಿಲಿ ರೂಮಿನ ಪರದೆ ಸರಿಸಿ ನಾಗರತ್ನಾ ಹೊರಬಂದಳು.

"ನಂದು ಪತ್ತಾರ ನೋಡಿ ಮುಗಿಸಿದನೇನ್ರಿ?"

ಅವನು ಬಾಗಿಲಿಗೆ ಹಾರಿದ. ಬಾಗಿಲಲ್ಲಿ ರಾಚಯ್ಯ ನಿಂತಿದ್ದರು.

ಆರೋಪಿಯ ಖರೆ ಹೆಸರು ಮುದಕಪ್ಪ. ಹುನಗುಂದದ ಅವನ ಖೋಲಿಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆದು, ಟ್ರಂಕಿನಿಂದ ಮೂರು ಬೋರಮಾಳ ಜಪ್ತಾದವು. ಒಂದನ್ನೂ ಮಾರಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಹೇಳಿದ: ಹದಿಮೂರು ಮನೆಯಲ್ಲಿ ಕನ್ಯೆ ನೋಡಿದ್ದ, ಎಲ್ಲರೂ ಉಪ್ಪಿಟ್ಟು ತಿನ್ನಿಸಿ 'ಹೇಳಿ ಕಳಸ್ತೇವಿ' ಅಂದವರೇ, ಒಬ್ಬರೂ ಹೇಳಿ ಕಳಿಸಲಿಲ್ಲ. ತಾನು ಕಾದಷ್ಟು ಹೆಣ್ಣಿನ ಕಡೆಯವರೂ ಕಾಯಲಿ ಅನ್ನಿಸಿತಂತೆ. ಭುವನೇಶ್ವರಿ ಅದನ್ನೂ ಬರೆದುಕೊಂಡಳು.

ಕೋರ್ಟಿನ ಆದೇಶದಂತೆ ಠಾಣೆಯಿಂದ ಬೋರಮಾಳ ಪಡೆಯುವ ದಿನ ನಾಗರತ್ನಾಳ ಜೊತೆ ಅಣ್ಣನೂ ಬಂದಿದ್ದ. ಅವನೇ ತಂಗಿಯ ಕೊರಳಿಗೆ ಅದನ್ನು ಕಟ್ಟಿದ. ಹೊರಡುವಾಗ ಅವಳು ಭುವನೇಶ್ವರಿಯತ್ತ ತನ್ನ ಮೊಬೈಲ್ ಚಾಚಿದಳು.

"ಅಕ್ಕಾರ, ಆ ಮೆಸೇಜ್ ನನಗೂ ಕಳಸ್ರಿ. ಇನ್ನ ಮ್ಯಾಲೆ ಯಾವ ವರ ಬಂದ್ರೂ ದಿನ, ವ್ಯಾಳೆ, ಜಾಗಾ ಎಲ್ಲಾ ನಾನ ಹೇಳ್ತೇನಿ."