ಗಂಟು ಹಾಕದ ಕೊಪ್ಪೆ

"ಅದನ್ನ ಮುಟ್ಬೇಡಿ!"

ಮೇಘಶ್ರೀ ಬೆಚ್ಚಿಬಿದ್ದಳು. ಕೈ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಅವಳ ಮಣಿಕಟ್ಟು ಯಾರದೋ ಬಿಗಿಹಿಡಿತಕ್ಕೆ ಸಿಕ್ಕಿತ್ತು. ಆ ಗಡಿಬಿಡಿಯಲ್ಲಿ ಅವನ ಕೈಯಲ್ಲಿದ್ದ ನೂಲು ಕತ್ತರಿಸುವ ಪುಟ್ಟ ಕತ್ತರಿ ನೆಲಕ್ಕೆ ಬಿತ್ತು.

ಕೊಟ್ಟಿಗೆಹಾರದ ಹತ್ತಿರ ಸೋಮಶೇಖರಪ್ಪನವರ ಎಸ್ಟೇಟಿನ ಕಾಫಿ ಗೋಡೌನ್ ಅದು. 2003ರ ಮಾರ್ಚ್. ಕೊಯ್ಲು ಮುಗಿದು ಖಾಲಿಯಾಗಿದ್ದ ಗೋಡೌನಿನಲ್ಲಿ ಈಗ ಚೀಲಗಳ ಬದಲು ಉಡುಪುಗಳು ಸಾಲಾಗಿ ತೂಗುತ್ತಿದ್ದವು. ಸಂಜೆ ಹೊರಗಿನ ಕಣದಲ್ಲಿ, ಕಾಫಿ ಒಣಗಿಸುವ ಆ ಸಿಮೆಂಟು ಅಂಗಳದಲ್ಲೇ, ಫ್ಯಾಷನ್ ಶೋ. ಎಲ್ಲ ಉಡುಪುಗಳ ಕೊನೆಗೆ, ಒಂಟಿಯಾಗಿ, ಒಂದು ಕರಿ ಕಂಬಳಿ.

"ಕೈ ಬಿಡ್ತೀರಾ?" ಎಂದಳು.

ಅವನು ಬಿಟ್ಟ. ಹೆಸರು ಬಾಲರಾಜ್. ಇದೇ ತೋಟದ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವಿನ್ಯಾಸ ಕಲಿತು, ಮೊದಲ ಸಂಗ್ರಹವನ್ನು ಹುಟ್ಟಿದೂರಿಗೇ ತಂದಿದ್ದವನು. ಇವಳು ಬೆಂಗಳೂರಿನ ವಾರಪತ್ರಿಕೆಯ ವಿಮರ್ಶಕಿ. ಮೇಘಶ್ರೀಯ ಪೆನ್ನಿಗೆ ಹಲ್ಲಿದೆ ಎಂದು ಅಲ್ಲಿನ ವಿನ್ಯಾಸಕಾರರು ಆಡಿಕೊಳ್ಳುತ್ತಿದ್ದರು. ಹೊಗಳಿಸಿಕೊಂಡವರು ಮಾತ್ರ ಅದನ್ನು ಮುತ್ತಿನ ಹಲ್ಲು ಎನ್ನುತ್ತಿದ್ದರು, ಬಿಡಿ!

"ಕಂಬಳಿ ಇಷ್ಟು ಮೆತ್ತಗಿದೆಯಲ್ಲ... ಹುಣಸೆಬೀಜದ ಗಂಜಿ ತೊಳೆದುಬಿಟ್ರಾ?"

ಬಾಲರಾಜ್ ಮೊದಲ ಸಲ ಅವಳ ಮುಖ ನೋಡಿದ. "ಗಂಜಿ ಇದ್ರೆ ಸೆಟೆದು ನಿಲ್ಲುತ್ತೆ. ನಂಗೆ ಮಡಿಕೆ ಬೀಳ್ಬೇಕಿತ್ತು. ನಿಮಗೆ ಹೇಗೆ ಗೊತ್ತು?"

"ನಾನೂ ಮೂಡಿಗೆರೆಯವಳೇ. ನಮ್ಮ ತೋಟದಲ್ಲೂ ಕೊಪ್ಪೆ ಹಾಕ್ಕೊಂಡೋರನ್ನ ನೋಡಿದೀನಿ."

"ನೋಡಿದೀರಿ. ಹಾಕ್ಕೊಂಡಿಲ್ಲ."

ಛೇ, ಎಂಥ ಮಾತು! ಆದರೆ ಸುಳ್ಳಲ್ಲ. ಕಂಬಳಿಯ ಒಂದು ಮೂಲೆ ಒಳಕ್ಕೆ ಮಡಚಿ, ತಲೆಗೆ ಟೊಪ್ಪಿಯಂತೆ ಏರಿಸಿ, ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಟ್ಟರೆ ಅದು ಕೊಪ್ಪೆ. ಮಳೆಯಲ್ಲಿ ಕೂಲಿಯಾಳುಗಳು ಅದನ್ನು ಹೊದ್ದು ಬಗ್ಗಿ ನಡೆಯುವುದನ್ನು ಅವಳು ಜಗಲಿಯಿಂದ ನೋಡಿದ್ದಳು, ಅಷ್ಟೇ.

ಈ ಕೊಪ್ಪೆಯ ಕೊರಳಲ್ಲಿ ಸೆಣಬಿನ ಹುರಿ ಪೋಣಿಸಿತ್ತು. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಮುದುಕಿಯೊಬ್ಬಳು, ಬಾಲರಾಜನನ್ನು ಸಾಕಿದ ಚಿಕ್ಕವ್ವ ದ್ಯಾವಮ್ಮ, ತಲೆಯೆತ್ತದೆಯೇ ಗೊಣಗಿದಳು. "ಕೊಪ್ಪೆಗೆ ಗಂಟು ಹಾಕ್ಬಾರ್ದು ಮಗ. ನಿಮ್ಮವ್ವ ಒಂದಿನ ಹಾಕಿದ್ಕೇ..."

"ಚಿಕ್ಕವ್ವ! ಸಾಕು."

ಮೇಘಶ್ರೀ ನೆಲದಲ್ಲಿದ್ದ ಕತ್ತರಿ ಎತ್ತಿಕೊಂಡಳು, ಕೊಡಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಬೆನ್ನು ತಿರುಗಿಸಿದ್ದ. ಅದು ಅವಳ ಚೀಲ ಸೇರಿತು.

ಸಂಜೆಗೆ ಬಾನು ಕಪ್ಪಾಯಿತು. ಹೂಮಳೆಗಾಗಿ ಕಾಯುತ್ತಿದ್ದ ಸೋಮಶೇಖರಪ್ಪನವರಿಗೆ ಹಿಗ್ಗೋ ಹಿಗ್ಗು. "ಬರ್ಲಿ ಮಾರಾಯ್ರೆ, ಇವತ್ತು ಮಳೆ ಬಿದ್ರೆ ಕಾಫಿ ಹೂ ಅರಳ್ತದೆ!" ಎನ್ನುತ್ತಾ ಅತಿಥಿಗಳಿಗೆ ಕುರ್ಚಿ ಹಾಕಿಸಿದರು. ಕಣದ ಆಚೆ ತುದಿಗೆ ತೋಟದ ಕೆರೆಯ ಮೆಟ್ಟಿಲು. ನೀರು ಅಲುಗದೆ ಕಪ್ಪಗೆ ಮಲಗಿತ್ತು.

ಮುಂದಿನ ಸಾಲಿನಲ್ಲಿ ಕೂತ ಮೇಘಶ್ರೀಗೆ ಪ್ರದರ್ಶನದ ವಿವರದ ಹಾಳೆಯಲ್ಲಿದ್ದ ಒಂದು ಸಾಲು ಕಣ್ಣಿಗೆ ಚುಚ್ಚುತ್ತಿತ್ತು: ‘ಕೊನೆಯ ಉಡುಪು ಮರಳಿ ಬರುವುದಿಲ್ಲ.’

ಏನರ್ಥ ಇದಕ್ಕೆ?

ಸಂಗೀತವಿಲ್ಲ. ಗೋಡೌನಿನ ತಗಡಿನ ಮೇಲೆ ಯಾರೋ ಬೆರಳಲ್ಲಿ ತಟ್ಟುತ್ತಿದ್ದ ಸದ್ದು ಮಾತ್ರ. ಮೊದಲ ಹುಡುಗಿ ಬರಿಗಾಲಲ್ಲಿ ಬಂದಳು. ಮೊಣಕಾಲವರೆಗೆ ಎತ್ತಿ ಸಿಕ್ಕಿಸಿದ ಸೀರೆ, ಮೇಲೆ ಗಂಡಸರ ತುಂಬುತೋಳಿನ ಅಂಗಿ, ಸೊಂಟದ ಎಡಕ್ಕೆ ಹಣ್ಣು ಕೊಯ್ಯುವ ಚೀಲದ ಉಬ್ಬು. ಆ ಉಬ್ಬನ್ನು ತೂಗಿಸಲು ಬಲಭುಜದ ಹೊಲಿಗೆಯನ್ನು ಎತ್ತರಿಸಿದ್ದ. ಮೇಘಶ್ರೀ ತನಗೇ ತಿಳಿಯದಂತೆ ಮುಂದಕ್ಕೆ ಬಾಗಿದಳು. ಇವನಿಗೆ ಕೈಯಷ್ಟೇ ಅಲ್ಲ, ಕಣ್ಣೂ ಇದೆ!

ಉಡುಪುಗಳು ಬಂದಂತೆಲ್ಲ ಬಣ್ಣ ಕಂದುತ್ತಾ ಹೋಯಿತು. ಸೊಂಟದಲ್ಲಿದ್ದ ಭಾರ ಬೆನ್ನಿಗೆ ಏರಿತು, ಬೆನ್ನಿನಿಂದ ಹೆಗಲಿಗೆ. ಟೊಪ್ಪಿಗಳು ಹಣೆಗೆ, ಹುಬ್ಬಿಗೆ, ಮೂಗಿನವರೆಗೆ ಇಳಿದವು. ಕೊನೆಕೊನೆಗೆ ಬಂದವರಿಗೆ ಮುಖಗಳೇ ಇರಲಿಲ್ಲ.

ಅವಳಿಗೆ ಥಟ್ಟನೆ ಹೊಳೆಯಿತು. ಇವರೆಲ್ಲ ಒಬ್ಬಳೇ ಹೆಂಗಸು. ಮಳೆಯಲ್ಲಿ ನಡೆದು ಹೋಗುತ್ತಿದ್ದಾಳೆ... ಎಲ್ಲಿಗೆ?

ಆಗಲೇ ಮೊದಲ ಹನಿ ಬಿತ್ತು. ನೋಡನೋಡುತ್ತಲೇ ಮಳೆ ಧೋ ಎಂದು ಸುರಿಯತೊಡಗಿತು. ಅತಿಥಿಗಳು ಎದ್ದರು. ಅದರ ನಡುವೆಯೇ ಕೊನೆಯ ಉಡುಪು ಬಂತು. ಕೊಪ್ಪೆ ಹೊದ್ದು, ಕೊರಳಲ್ಲಿ ಹುರಿ ಬಿಗಿದು ನಡೆಯುತ್ತಿದ್ದವನು ಬಾಲರಾಜನೇ. ಅವಳ ಮುಂದೆ ಹಾದು, ಕಣ ದಾಟಿ, ಕೆರೆಯ ಮೆಟ್ಟಿಲಿಳಿದ.

ಎದೆಯವರೆಗೆ ನೀರು. ಅಲ್ಲಿ ನಿಂತು ಕೊರಳಿಗೆ ಕೈ ಹಾಕಿದ. ಎಳೆದ. ಮತ್ತೆ ಎಳೆದ.

‘ದೇವರೇ... ಸೆಣಬು!’

ಒದ್ದೆ ಸೆಣಬು ಉಬ್ಬುತ್ತದೆ, ಗಂಟು ಕಲ್ಲಾಗುತ್ತದೆ. ಗಂಜಿ ಕಳೆದುಕೊಂಡ ಉಣ್ಣೆ ನೀರನ್ನು ತಡೆಯುವುದಿಲ್ಲ, ಕುಡಿಯುತ್ತದೆ. ಅವಳು ಲೆಕ್ಕಹಾಕುತ್ತಿದ್ದಂತೆಯೇ ಅವನ ಹೆಗಲು ಕುಸಿಯಿತು. ಕೈಗಳು ಗಂಟು ಬಿಚ್ಚುವುದನ್ನು ನಿಲ್ಲಿಸಿದವು. ಜನ ಇದೂ ಪ್ರದರ್ಶನವೆಂದು ಚಪ್ಪಾಳೆ ತಟ್ಟುತ್ತಿದ್ದರು!

ವಿಮರ್ಶಕಿ ಕುರ್ಚಿ ಬಿಟ್ಟು ಏಳಬಾರದು. ಮೇಘಶ್ರೀ ಎದ್ದಳು, ಓಡಿದಳು, ನೀರಿಗೆ ಧುಮುಕಿದಳು. ಓಡುತ್ತಲೇ ಚೀಲದಿಂದ ತೆಗೆದಿದ್ದ ಪುಟ್ಟ ಕತ್ತರಿ ಹುರಿಯ ಎಳೆ ಎಳೆಯನ್ನೂ ಕಚ್ಚಿ ತುಂಡರಿಸಿತು. ಕಂಬಳಿ ಕಳಚಿ ಕೆರೆಯ ತಳಕ್ಕೆ ಇಳಿದುಹೋಯಿತು.

ಮೆಟ್ಟಿಲ ಮೇಲೆ ಇಬ್ಬರೂ ಏದುಸಿರು ಬಿಡುತ್ತಾ ಕುಸಿದರು.

"ಸಾಯೋಕೆ ಹೊರಟಿದ್ರಾ?" ಎಂದಳು.

"ನಿಮ್ಮನ್ನ ಯಾರು ಕರೆದ್ರು? ನಮ್ಮವ್ವನ ಕೊನೇ ದಾರಿ ಅದು! ಅದರಲ್ಲೂ ನಿಮ್ಮದೇ ಸುದ್ದಿಯಾಗ್ಬೇಕಿತ್ತಾ?"

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ಹೋದಳು.

ದಾರಿಯಲ್ಲಿ ಅವಳ ಕೈಹಿಡಿದು ನಿಲ್ಲಿಸಿದವಳು ದ್ಯಾವಮ್ಮ. "ಜವರಮ್ಮ ಅಂತ, ನಮ್ಮಕ್ಕ. ಈ ಹುಡುಗ ಕೂಸಾಗಿದ್ದ, ಬೆನ್ನಿಗೆ ಕಟ್ಕಂಡಿದ್ಲು. ಅವ್ನು ನೆನೀಬಾರ್ದು ಅಂತ ಕೊಪ್ಪೆಗೆ ಗಂಟು ಹಾಕಿದ್ಲು ಕಣವ್ವ. ಮರದ ಸಂಕ ದಾಟೋವಾಗ ಜಾರಿ ಹಳ್ಳಕ್ಕೆ ಬಿದ್ಲು. ಕೂಸನ್ನ ದಡಕ್ಕೆ ನೂಕಿದ್ಲು, ಗಂಟು ಬಿಚ್ಚಕ್ಕಾಗ್ಲಿಲ್ಲ..."

ಮೇಘಶ್ರೀ ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಬೆಂಗಳೂರಿಗೆ ಹೋದವಳೇ ಸಂಪಾದಕ ಷಡಕ್ಷರಿಯವರಿಗೆ ಹೇಳಿಬಿಟ್ಟಳು. "ಸರ್, ಇದನ್ನ ಬೇರೆಯವ್ರು ಬರೀಲಿ. ನಾನು ಅವ್ನ ಕಡೆಗೆ ವಾಲಿದೀನಿ."

"ಬೇರೆ ಯಾರೂ ನೋಡಿಲ್ವಲ್ಲಮ್ಮ. ವಾಲಿದೀನಿ ಅಂತ ಮೊದಲ ಸಾಲಲ್ಲೇ ಬರಿ. ಆಮೇಲೆ ನೆಟ್ಟಗೆ ನಿಂತ್ಕೊಂಡು ಬರಿ."

ಹೊಗಳಿದರೆ ಕರುಣೆ, ತೆಗಳಿದರೆ ಸೇಡು! ಕೊನೆಗೆ ಅವಳು ಕಂಡದ್ದನ್ನೇ ಬರೆದಳು.

‘ಈ ಪ್ರದರ್ಶನದ ಕೊನೆಯಲ್ಲಿ ವಿಮರ್ಶಕಿ ತನ್ನ ಜಾಗ ಬಿಟ್ಟು ಎದ್ದಿದ್ದಾಳೆ, ಓದುಗರು ಅದನ್ನು ತಿಳಿದೇ ಮುಂದಿನ ಮಾತುಗಳನ್ನು ತೂಗಬೇಕು.

‘ಬಾಲರಾಜ್ ಅವರ "ಜಡಿಮಳೆ" ಭಾರವನ್ನು ಕುರಿತ ಸಂಗ್ರಹ. ಆಕಾರಗಳೆಲ್ಲ ಒಂದು ಹೊರೆಯ ಸುತ್ತ ಹುಟ್ಟಿವೆ. ಸೊಂಟದ ಉಬ್ಬಿಗೆ ಎದುರುಭುಜ ಏರುತ್ತದೆ, ಹೊರೆ ಬೆನ್ನಿಗೆ ಬಂದಾಗ ಅಂಗಿಯ ಮುಂಭಾಗ ಗಿಡ್ಡವಾಗುತ್ತದೆ. ದೇಹ ದುಡಿಯುವಾಗ ಬಟ್ಟೆ ಹೇಗೆ ಎಳೆಯುತ್ತದೆಂಬುದನ್ನು ಇವರು ಬಲ್ಲರು.

‘ಕಾಫಿ ಸಿಪ್ಪೆಯ ಬಣ್ಣ ಹಾಕಿದ ಕೈಮಗ್ಗದ ಹತ್ತಿ ಸೊಗಸಾಗಿ ಬೀಳುತ್ತದೆ. ಗೋಣಿಗೆ ತೆಳು ಮಲ್ಲು ಬಟ್ಟೆಯ ಒಳಪದರ ಕೊಟ್ಟದ್ದು ಮೈಗೆ ತೋರಿದ ಮರ್ಯಾದೆ. ಎರಡು ಪಟ್ಟಿ ಸೇರಿಸಿದ ಕಂಬಳಿಯ ನಡುಹೊಲಿಗೆಯನ್ನು ಮರೆಮಾಡದೆ ಬೆನ್ನೆಲುಬಿನ ಮೇಲೆ ತಂದದ್ದು ಸಂಗ್ರಹದ ಅತ್ಯುತ್ತಮ ನಿರ್ಧಾರ. ಬರಿಗಾಲು, ಎಣ್ಣೆಯ ತುರುಬು, ಒಡವೆಯಿಲ್ಲದ ಕೊರಳು ಒಪ್ಪುತ್ತವೆ. ಆದರೆ ಇಂಬಳವೆಂಬ ಜಿಗಣೆ ಕಚ್ಚಿದಂತೆ ಕಾಲಿಗೆ ಬಳಿದ ಕೆಂಪುಗೆರೆಗಳು ಕರುಣೆ ಬೇಡುತ್ತವೆ. ಈ ಉಡುಪುಗಳಿಗೆ ಕರುಣೆಯ ಅಗತ್ಯವಿಲ್ಲ.

‘ಕೊನೆಯ ಕೊಪ್ಪೆ ನೋಡಲು ಅದ್ಭುತ, ಉಡುಪಾಗಿ ತಪ್ಪು. ಗಂಜಿ ತೊಳೆದ ಕಂಬಳಿಗೆ ಸೆಣಬಿನ ಗಂಟು ಕೂಡದು. ಇಡೀ ಸಂಗ್ರಹ ಒಬ್ಬ ತಾಯಿಯನ್ನು ನೆನೆಯುತ್ತದೆ, ಆದರೆ ಅವಳು ಸತ್ತ ಗಳಿಗೆಯನ್ನು ಮಾತ್ರ. ಅವಳು ಯಾರಿಗಾಗಿ ಆ ಗಂಟು ಹಾಕಿದಳೋ ಅವನು ಬದುಕಿದ್ದಾನೆ. ಮುಂದಿನ ಸಂಗ್ರಹ ಅಲ್ಲಿಂದ ಹೊರಡಲಿ.’

ವಾರಗಳು ಕಳೆದವು. ಅವನ ಸುದ್ದಿಯಿಲ್ಲ. ಸಿಟ್ಟಾಗಿರಬೇಕು... ಅಥವಾ ಮತ್ತೆ ಆ ಕೆರೆಗೆ...? ಫೋನು ಸದ್ದಾದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

ಜೂನಿನಲ್ಲಿ ಅವನ ಫೋನು ಬಂತು. "ನನ್ನ ಕತ್ತರಿ ನಿಮ್ಮ ಹತ್ರ ಉಳಿದಿದೆ. ಊರಿಗೆ ಬರೋದಿದ್ರೆ ಕೊಟ್ಟಿಗೆಹಾರದಲ್ಲಿ ಇಸ್ಕೊಳ್ತೀನಿ."

ಊರಿಗೆ ಹೋಗುವ ಯೋಚನೆಯೇ ಇರಲಿಲ್ಲ. ಆದರೂ ಆ ರಾತ್ರಿಯೇ ಬಸ್ಸು ಹತ್ತಿದಳು!

ಕೊಟ್ಟಿಗೆಹಾರದಲ್ಲಿ ಬೆಳಗಿನ ಮಳೆ ಹಿಡಿದಿತ್ತು. ಹೋಟೆಲಿನ ಸೂರಿನಡಿ ಬಾಲರಾಜ್ ನಿಂತಿದ್ದ, ಹೆಗಲ ಮೇಲೆ ಹೊಸ ಕಂಬಳಿ. ಅವಳು ಕತ್ತರಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಸಾಯೋಕೆ ಹೋಗಿರ್ಲಿಲ್ಲ ಮೇಡಂ. ಕಂಬಳೀನ ನೀರಿಗೆ ಬಿಟ್ಟು ವಾಪಸ್ ಬರೋದಿತ್ತು. ಆದ್ರೆ ಗಂಟು ಬಿಚ್ಚದೇ ಇದ್ದಾಗ... ಒಂದು ಕ್ಷಣ, ಇರ್ಲಿ ಬಿಡು ಅನ್ನಿಸ್ತು. ಅದು ನಿಮಗೆ ಕಂಡ್ಬಿಡ್ತು. ಅದಕ್ಕೇ ನಿಮ್ಮ ಮೇಲೆ ಸಿಟ್ಟು ಬಂತು."

"ಈಗ?"

"ನೀವು ಬರೆದದ್ದನ್ನ ಚಿಕ್ಕವ್ವಂಗೆ ಓದಿ ಹೇಳ್ದೆ. ‘ಆ ಹುಡುಗಿ ಬಟ್ಟೆ ನೋಡಿಲ್ಲ ಕಣ್ಲಾ, ನಿನ್ನ ನೋಡವ್ಳೆ’ ಅಂದ್ಲು." ಅವನು ಅವಳತ್ತ ತಿರುಗಿದ. "ನಿಜವಾ ಮೇಘಶ್ರೀ?"

ಮೇಡಂ ಹೋಗಿ ಹೆಸರು ಬಂದಿತ್ತು! ಅವಳ ಕಣ್ಣು ತುಂಬಿತು.

"ನಿಜ. ಮೊದಲ ಸಾಲಲ್ಲೇ ಬರೆದಿದ್ನಲ್ಲ, ಜಾಗ ಬಿಟ್ಟು ಎದ್ದಿದೀನಿ ಅಂತ. ಮತ್ತೆ ಹೋಗಿ ಕೂರೋಕೆ ಆಗ್ತಿಲ್ಲ ಬಾಲರಾಜ್."

ಅವನು ಕಂಬಳಿ ಬಿಡಿಸಿದ. ಗಂಜಿಯ ಬಿಗಿಯಲ್ಲಿ ಅದು ಸರಸರ ಎಂದಿತು. ಮೂಲೆ ಮಡಚಿ ಅವಳ ತಲೆಗೇರಿಸಿ, ಅಂಚುಗಳನ್ನು ಗದ್ದದ ಕೆಳಗೆ ಕೂಡಿಸಿದ. ಎದುರಿನ ರಸ್ತೆಯಲ್ಲಿ ಮಳೆ ಜೋರಾಗಿತ್ತು, ಚಿಕ್ಕವ್ವ ಮನೆಯಲ್ಲಿ ಕಾಯುತ್ತಿದ್ದಳು.

"ಗಂಟು?" ಮೇಘಶ್ರೀ ಮೆಲ್ಲಗೆ ಕೇಳಿದಳು.

"ಬೇಡ. ಕೈಯಲ್ಲಿ ಹಿಡ್ಕೊಂಡ್ರೆ ಸಾಕು."

"ದಾರಿ ದೂರ ಇದೆ. ನನ್ನ ಕೈ ಸೋತ್ರೆ?"

"ಆವಾಗ ನಾನು ಹಿಡ್ಕೋತೀನಿ."